ಲೆಕ್ಕದ ಖರ್ಚು ಯಾರ ಲೆಕ್ಕಕ್ಕೆ?

ನಮ್ಮ ಸಣ್ಣ ಟ್ರಸ್ಟ್‌ಗಳು ವರ್ಷಕ್ಕೊಮ್ಮೆ ಮಸೀದಿಯ ಫಲಕಕ್ಕೆ ಅಂಟಿಸುವ ಜಮಾ-ಖರ್ಚಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಎಲ್ಲವೂ ಇರುತ್ತದೆ. ವಿಧವೆಯರಿಗೆ ಕೊಟ್ಟ ಪಡಿತರ, ಮಕ್ಕಳ ಶಾಲಾ ಶುಲ್ಕ, ಔಷಧಿಯ ನೆರವು, ಹೊಲಿಗೆ ಯಂತ್ರದ ದುರಸ್ತಿ ಎಲ್ಲಕ್ಕೂ ಒಂದೊಂದು ಸಾಲು ಮೀಸಲು. ಆದರೆ ಆ ಪಟ್ಟಿಯನ್ನು ನಂಬಲು ಯೋಗ್ಯವಾಗಿಸುವ ಕೆಲಸದ ಖರ್ಚಿಗೆ, ಅಂದರೆ ಲೆಕ್ಕಪರಿಶೋಧನೆಯ ಶುಲ್ಕ, ಆದಾಯ ತೆರಿಗೆ ವಿವರ ಸಲ್ಲಿಕೆ ಮತ್ತು ನೋಂದಣಿಯ ನವೀಕರಣಕ್ಕೆ ತಗಲುವ ಹಣಕ್ಕೆ, ಬಹಳಷ್ಟು ಪಟ್ಟಿಗಳಲ್ಲಿ ಸಾಲೇ ಇರುವುದಿಲ್ಲ. ಆ ಹಣ ಎಲ್ಲಿಂದ ಬಂತೆಂದು ಕೇಳಿದರೆ, "ಕಾರ್ಯದರ್ಶಿಯವರೇ ನೋಡಿಕೊಂಡರು" ಎಂಬ ಉತ್ತರ ಸಿಗುತ್ತದೆ. ಇದು ಔದಾರ್ಯದ ಮಾತಿನಂತೆ ಕೇಳಿಸಿದರೂ ಸಂಸ್ಥೆಯ ಬುಡವನ್ನು ಸಡಿಲಗೊಳಿಸುವ ಮಾತಾಗಿದೆ. ಈ ಖರ್ಚು ಯಾರದು, ಅದರ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳನ್ನು ನಾವು ಈ ವಾರ ಬಿಡಿಸಿ ನೋಡಬಯಸುತ್ತೇವೆ.

ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸನ್ನಿವೇಶವನ್ನು ಮುಂದಿಟ್ಟುಕೊಂಡು ಈ ಚರ್ಚೆ ನಡೆಸುವುದಕ್ಕೆ ಕಾರಣವಿದೆ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದ ಬಳಿಕ ಈ ಊರುಗಳ ದುಡಿಮೆ ಬೆಂಗಳೂರಿನ ರೈಲನ್ನು ಹತ್ತಿತು. ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆ ಜಂಕ್ಷನ್ ಮೂಲಕ ಸಾಗುವ ಗಾಡಿಯಲ್ಲಿ ಸೀಸನ್ ಪಾಸ್ ಹಿಡಿದು ಹೋಗಿ ಬರುವವರೇ ಇಲ್ಲಿನ ದಾನಿಗಳು ಮತ್ತು ಟ್ರಸ್ಟಿಗಳು. ದೊಡ್ಡ ಉದ್ಯಮಿಯ ಬೆನ್ನಾಸರೆಯಿಲ್ಲದೆ, ಇನ್ನೂರು ಐನೂರು ರೂಪಾಯಿಗಳ ರಸೀದಿಗಳ ಮೇಲೆ ನಿಲ್ಲುವ ಸಂಸ್ಥೆಗೆ ಲೆಕ್ಕದ ಖರ್ಚು ಸಣ್ಣ ವಿಷಯವಲ್ಲ. ಟ್ರಸ್ಟ್ ಸಣ್ಣದಾದಷ್ಟೂ ಈ ಹೊರೆ ಭಾರವಾಗುತ್ತದೆ.

ಮೊದಲು ಕಾನೂನು ಏನನ್ನು ಬೇಡುತ್ತದೆಂದು ತಿಳಿಯೋಣ. ಮಹಾರಾಷ್ಟ್ರದಲ್ಲಿರುವಂತೆ ಸಾರ್ವಜನಿಕ ಟ್ರಸ್ಟ್‌ಗಳ ಲೆಕ್ಕವನ್ನು ಪ್ರತಿವರ್ಷ ಕೇಳುವ ಚಾರಿಟಿ ಕಮಿಷನರ್ ಕಚೇರಿ ಕೋಲಾರ ಜಿಲ್ಲೆಯಲ್ಲಿಲ್ಲ. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಟ್ರಸ್ಟ್ ಪತ್ರ ನೋಂದಾಯಿಸಿದ ಮೇಲೆ ಆ ಕಚೇರಿ ಮತ್ತೆ ಲೆಕ್ಕ ಕೇಳುವುದಿಲ್ಲ. ಹೀಗಾಗಿ ನಮ್ಮ ಟ್ರಸ್ಟ್‌ಗಳ ಪಾಲಿಗೆ ವರ್ಷವರ್ಷವೂ ಬಾಗಿಲು ತಟ್ಟುವುದು ಮುಖ್ಯವಾಗಿ ಆದಾಯ ತೆರಿಗೆ ಇಲಾಖೆಯೊಂದೇ. ತೆರಿಗೆ ವಿನಾಯಿತಿಗಾಗಿ ನೋಂದಾಯಿಸಿಕೊಂಡ ಟ್ರಸ್ಟ್‌ನ ಆದಾಯವು ತೆರಿಗೆಗೆ ಒಳಪಡದ ಗರಿಷ್ಠ ಮಿತಿಯನ್ನು ಮೀರಿದರೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರಿಂದ ಲೆಕ್ಕಪರಿಶೋಧನೆ ಆಗಲೇಬೇಕು. ಇಲ್ಲಿ ಹಲವರು ಎಡವುತ್ತಾರೆ. "ಬಂದದ್ದನ್ನೆಲ್ಲ ಬಡವರಿಗೆ ಹಂಚಿದ್ದೇವೆ, ಉಳಿದದ್ದೇನೂ ಇಲ್ಲ, ಮತ್ತೇಕೆ ಆಡಿಟ್?" ಎಂಬುದು ಅವರ ವಾದ. ಆದರೆ ಮಿತಿಯನ್ನು ಅಳೆಯುವುದು ವಿನಾಯಿತಿಯನ್ನು ಕಳೆಯುವುದಕ್ಕೆ ಮುಂಚಿನ ಆದಾಯದ ಮೇಲೆ. ಹಂಚಿದ ಬಳಿಕ ಉಳಿದ ಹಣದ ಮೇಲೆ ಅಲ್ಲ.

1961ರ ಆದಾಯ ತೆರಿಗೆ ಕಾಯ್ದೆಯ ಪ್ರಕಾರ ವಿದೇಶಿ ದೇಣಿಗೆಯಿಲ್ಲದ, 5 ಕೋಟಿ ರೂಪಾಯಿಯೊಳಗಿನ ಆದಾಯದ ಟ್ರಸ್ಟ್‌ನ ಆಡಿಟ್ ವರದಿ ಫಾರಂ 10ಬಿಬಿಯಲ್ಲಿ ಸಲ್ಲಿಕೆಯಾಗುತ್ತದೆ. ಇಲಾಖೆ ಗಡುವನ್ನು ವಿಸ್ತರಿಸದಿದ್ದರೆ ವರದಿಗೆ ಸೆಪ್ಟೆಂಬರ್ 30 ಮತ್ತು ಐಟಿಆರ್-7 ವಿವರಪಟ್ಟಿಗೆ ಅಕ್ಟೋಬರ್ 31 ಕೊನೆಯ ದಿನ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಮುಂದಿನ ಲೆಕ್ಕಗಳಿಗೆ ಕಲಮು ಮತ್ತು ಫಾರಂಗಳ ಸಂಖ್ಯೆ ಬೇರೆಯಾಗುತ್ತದೆ, ಆದರೆ 2025-26ನೇ ಸಾಲಿನವರೆಗಿನ ಲೆಕ್ಕ ಹಳೆಯ ಕಾಯ್ದೆಯಡಿಯೇ ಮುಗಿಯಬೇಕು. ವರದಿ ಸಕಾಲದಲ್ಲಿ ಸಲ್ಲಿಕೆಯಾಗದಿದ್ದರೆ ವಿನಾಯಿತಿಯೇ ಕೈತಪ್ಪಬಹುದು. ಬೆಂಗಳೂರಿನಲ್ಲಿರುವ ಇಲಾಖೆಯ ಸಂಸ್ಕರಣಾ ಕೇಂದ್ರವು ವಿವರಪಟ್ಟಿಯನ್ನು ಪರಿಶೀಲಿಸುವಾಗ ವರದಿ ಕಾಣದಿದ್ದಲ್ಲಿ ತೆರಿಗೆ ಬೇಡಿಕೆಯ ಸೂಚನೆಯನ್ನು ಕಳುಹಿಸುತ್ತದೆ. ವಿಳಂಬವನ್ನು ಮನ್ನಿಸುವಂತೆ ಅರ್ಜಿ ಹಾಕುವ ದಾರಿ ಇದೆ. ಆದರೆ ಆ ದಾರಿಯಲ್ಲಿ ನಡೆಯಲು ಆಡಿಟ್ ಶುಲ್ಕದಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಹಣ ಬೇಕಾಗುವುದುಂಟು.

ಈಗ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಕೋಣೆಯ ಕಚೇರಿ, ಬಂಗಾರಪೇಟೆ ರೈಲು ನಿಲ್ದಾಣದ ಬಳಿ ಒಂದು ಹೊಲಿಗೆ ತರಬೇತಿ ಕೇಂದ್ರ, ಒಂಬತ್ತು ಮಂದಿ ಟ್ರಸ್ಟಿಗಳು. ವರ್ಷದ ಆದಾಯ 8 ಲಕ್ಷ ರೂಪಾಯಿ. ಇದರಲ್ಲಿ 4 ಲಕ್ಷ ಝಕಾತ್ ಹಣ, 2 ಲಕ್ಷ 40 ಸಾವಿರ ವಿದ್ಯಾರ್ಥಿವೇತನಕ್ಕೆಂದೇ ಒಬ್ಬ ದಾನಿ ಕೊಟ್ಟ ಹಣ, ಉಳಿದ 1 ಲಕ್ಷ 60 ಸಾವಿರ ಸಾಮಾನ್ಯ ದೇಣಿಗೆ ಮತ್ತು ಹೊಲಿಗೆ ಕೇಂದ್ರದ ಶುಲ್ಕ. ಶುಲ್ಕದ ದರಗಳು ಊರಿನಿಂದ ಊರಿಗೆ, ಆಡಿಟರ್‌ನಿಂದ ಆಡಿಟರ್‌ಗೆ ಬದಲಾಗುತ್ತವೆ. ಇಲ್ಲಿ ಲೆಕ್ಕದ ಅನುಕೂಲಕ್ಕಾಗಿ ಕೆಲವು ಮೊತ್ತಗಳನ್ನು ಇಟ್ಟುಕೊಂಡಿದ್ದೇವೆ. ಆಡಿಟ್ ಮತ್ತು ವರದಿಗೆ 15,000 ರೂಪಾಯಿ. ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ ಸೇರಿ 17,700. ವಿವರಪಟ್ಟಿ ಸಲ್ಲಿಕೆಗೆ ಜಿಎಸ್‌ಟಿ ಸಹಿತ 5,900. ತಿಂಗಳಿಗೆ 1,500ರಂತೆ ಲೆಕ್ಕ ಬರೆಯುವವರಿಗೆ 18,000. ರಸೀದಿ ಪುಸ್ತಕ, ಪ್ರತಿಗಳು, ಓಡಾಟಕ್ಕೆ 2,400. ನೋಂದಣಿ ನವೀಕರಣಕ್ಕೆಂದು ತೆಗೆದಿಡುವ 1,000. ಒಟ್ಟು 45,000 ರೂಪಾಯಿ.

ಕೊನೆಯ ಸಾಲಿಗೆ ಸ್ವಲ್ಪ ವಿವರಣೆ ಬೇಕು. 2021ರಲ್ಲಿ ಎಲ್ಲ ಟ್ರಸ್ಟ್‌ಗಳೂ ಹೊಸದಾಗಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ ಆ ನೋಂದಣಿಗೆ 5 ವರ್ಷಗಳ ಅವಧಿ ನಿಗದಿಯಾಯಿತು. 2025ರ ಹಣಕಾಸು ಕಾಯ್ದೆಯು ಸಣ್ಣ ಟ್ರಸ್ಟ್‌ಗಳಿಗೆ, ಅಂದರೆ ಹಿಂದಿನ ಎರಡು ವರ್ಷಗಳಲ್ಲಿ ತಲಾ 5 ಕೋಟಿ ರೂಪಾಯಿ ಮೀರದ ಆದಾಯವಿರುವವುಗಳಿಗೆ, ಆ ಅವಧಿಯನ್ನು 10 ವರ್ಷಕ್ಕೆ ಹೆಚ್ಚಿಸಿತು. ಹತ್ತು ವರ್ಷಕ್ಕೊಮ್ಮೆ 10,000 ರೂಪಾಯಿ ಬೇಕಾಗುವುದಾದರೆ ವರ್ಷಕ್ಕೆ 1,000 ತೆಗೆದಿಡುವುದು ವಿವೇಕ. ಇಲ್ಲದಿದ್ದರೆ ಹತ್ತನೆಯ ವರ್ಷದ ಟ್ರಸ್ಟಿಗಳು ಹಿಂದಿನ ಒಂಬತ್ತು ವರ್ಷದವರ ಖರ್ಚನ್ನೂ ಹೊರಬೇಕಾಗುತ್ತದೆ. ಅದಕ್ಕಿಂತ ಮಿಗಿಲಾಗಿ, ಹಣಕ್ಕೆ ಸಾಲಿದ್ದಲ್ಲಿ ದಿನಾಂಕವೂ ನೆನಪಿನಲ್ಲಿರುತ್ತದೆ.

ಈ 45,000 ರೂಪಾಯಿ ಒಟ್ಟು ಆದಾಯದ ನೂರಕ್ಕೆ ಐದೂವರೆ ರೂಪಾಯಿಗಿಂತ ಸ್ವಲ್ಪ ಹೆಚ್ಚು. ಇದನ್ನು ಯಾವ ಗಂಟಿನಿಂದ ಬಿಚ್ಚಬೇಕು? ಆಡಿಟರ್ ನೋಡುವುದು ಎಂಟು ಲಕ್ಷದ ಲೆಕ್ಕವನ್ನು. ಆದ್ದರಿಂದ ಪ್ರತಿಯೊಂದು ನಿಧಿಯ ಮೇಲೂ ಅದರ ಗಾತ್ರಕ್ಕೆ ತಕ್ಕ ಪಾಲು ಬೀಳುವುದು ನ್ಯಾಯ. ಝಕಾತ್ ಅರ್ಧದಷ್ಟಿರುವುದರಿಂದ ಅದರ ಪಾಲು 22,500. ವಿದ್ಯಾರ್ಥಿವೇತನ ನಿಧಿಯದು ಶೇಕಡಾ 30, ಅಂದರೆ 13,500. ಸಾಮಾನ್ಯ ನಿಧಿಯ ಪಾಲು 9,000. ಕೊನೆಯ ಪಾಲಿನ ಬಗ್ಗೆ ತಕರಾರಿಲ್ಲ. ಮೊದಲ ಎರಡರಲ್ಲಿ ಮಾತ್ರ ಪ್ರಶ್ನೆ ಏಳುತ್ತದೆ.

ವಿದ್ಯಾರ್ಥಿವೇತನದ ದಾನಿಯನ್ನು ಮೊದಲು ನೋಡೋಣ. "ನಾನು ಕೊಟ್ಟ ಪ್ರತಿಯೊಂದು ರೂಪಾಯಿಯೂ ಮಕ್ಕಳಿಗೇ ಹೋಗಬೇಕು" ಎಂದು ಅವರು ಹೇಳಿದರೆ ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಹಣ ಮಕ್ಕಳಿಗೇ ಹೋಯಿತೆಂಬ ಖಾತ್ರಿಯನ್ನು ಅವರು ಕೇಳುವವರೇ. ಆ ಖಾತ್ರಿಗೆ 13,500 ರೂಪಾಯಿ ತಗಲುತ್ತದೆ. ಅದನ್ನು ಅವರು ಕೊಡದಿದ್ದರೆ, ತಿಂಗಳಿಗೆ ಇನ್ನೂರು ರೂಪಾಯಿ ಕೊಡುವ ರೈಲು ಪ್ರಯಾಣಿಕನ ದೇಣಿಗೆಯಿಂದ ಅದು ಹೋಗುತ್ತದೆ. ಅಂದರೆ ದೊಡ್ಡ ದಾನಿಯ ದಾನದ ಖರ್ಚನ್ನು ಸಣ್ಣ ದಾನಿ ಹೊರುತ್ತಾನೆ, ಅದೂ ಅವನಿಗೆ ತಿಳಿಯದಂತೆ. ಹಣ ಸ್ವೀಕರಿಸುವ ದಿನವೇ ಎರಡರಲ್ಲೊಂದನ್ನು ಬರೆಯಿಸಿಕೊಳ್ಳಬೇಕು. ಒಂದೋ 2,40,000ದ ಜತೆಗೆ 13,500 ಪ್ರತ್ಯೇಕವಾಗಿ ಬರಲಿ, ಇಲ್ಲವೇ ಆ ಮೊತ್ತದೊಳಗಿನಿಂದ 13,500 ಲೆಕ್ಕದ ಖರ್ಚಿಗೆ ಹೋಗುವುದಕ್ಕೆ ದಾನಿಯ ಒಪ್ಪಿಗೆಯಿರಲಿ. ಹಣ ಖರ್ಚಾದ ಬಳಿಕ ಕೇಳುವುದು ಮುಜುಗರಕ್ಕೂ ಜಗಳಕ್ಕೂ ದಾರಿ.

ಝಕಾತ್‌ನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಸೂರಃ ತೌಬದ 60ನೆಯ ವಚನವು ಝಕಾತ್‌ನ ಎಂಟು ಹಕ್ಕುದಾರ ವರ್ಗಗಳಲ್ಲಿ ಅದರ ಸಂಗ್ರಹ ಮತ್ತು ನಿರ್ವಹಣೆಯಲ್ಲಿ ತೊಡಗಿದವರನ್ನೂ ಸೇರಿಸಿದೆ. ಇದನ್ನೇ ಆಧಾರವಾಗಿಟ್ಟು ಕೆಲವು ವಿದ್ವಾಂಸರು ಯುಕ್ತವಾದ ನಿರ್ವಹಣಾ ವೆಚ್ಚವನ್ನು ಝಕಾತ್‌ನಿಂದ ಭರಿಸಬಹುದೆನ್ನುತ್ತಾರೆ. ಶಾಫಿಈ ಪರಂಪರೆಯಲ್ಲಿ ಆ ಪಾಲಿಗೆ ಎಂಟನೆಯ ಒಂದು ಭಾಗದ ಮಿತಿಯನ್ನೂ ಹೇಳಲಾಗಿದೆ. ಆದರೆ ನಮ್ಮ ಭಾಗದ ಹೆಚ್ಚಿನ ಮಸೀದಿಗಳು ಅನುಸರಿಸುವ ಹನಫಿ ಪರಂಪರೆಯ ಹಲವು ಮುಫ್ತಿಗಳು ಇದನ್ನು ಒಪ್ಪುವುದಿಲ್ಲ. ಆಮಿಲ್ ಎಂದರೆ ಮುಸ್ಲಿಮ್ ಆಡಳಿತವು ನೇಮಿಸಿದವನು, ಖಾಸಗಿ ಟ್ರಸ್ಟ್ ದಾನಿಯ ಪ್ರತಿನಿಧಿ ಮಾತ್ರ ಎಂಬುದು ಅವರ ನಿಲುವು. ಝಕಾತ್ ಸಲ್ಲಬೇಕಾದರೆ ಬಡವನು ಆ ಹಣದ ಒಡೆಯನಾಗಬೇಕು. ಆಡಿಟರ್‌ಗೆ ಕೊಟ್ಟ ಶುಲ್ಕದಲ್ಲಿ ಯಾವ ಬಡವನೂ ಒಡೆಯನಾಗುವುದಿಲ್ಲ.

ಈ ಭಿನ್ನಾಭಿಪ್ರಾಯದಲ್ಲಿ ತೀರ್ಪು ಕೊಡುವುದು ಸಂಪಾದಕೀಯದ ಕೆಲಸವಲ್ಲ. ನಮ್ಮ ಆಕ್ಷೇಪವಿರುವುದು ಮೌನದ ಬಗ್ಗೆ. ಯಾವ ಅಭಿಪ್ರಾಯವನ್ನು ಅನುಸರಿಸುತ್ತೇವೆಂದು ಟ್ರಸ್ಟ್ ಲಿಖಿತವಾಗಿ ತೀರ್ಮಾನಿಸಿ ರಸೀದಿಯ ಮೇಲೆಯೇ ಅಚ್ಚು ಹಾಕಿಸಬೇಕು. ತೆಗೆದುಕೊಳ್ಳುವುದಾದರೆ ದಾನಿಗೆ ತಿಳಿದಿರಲಿ. ತೆಗೆದುಕೊಳ್ಳುವುದಿಲ್ಲವೆಂದಾದರೆ ಆ 22,500 ಎಲ್ಲಿಂದ ಬರುತ್ತದೆಂಬ ಉತ್ತರವೂ ಸಿದ್ಧವಿರಲಿ. ಎಚ್ಚರದ ದಾರಿ ಹಿಡಿಯುವವರಿಗೆ ನಮ್ಮ ಸಲಹೆ ಸರಳ: ಅದನ್ನು ಟ್ರಸ್ಟಿಗಳು ಹೊರಲಿ. ಒಂಬತ್ತು ಮಂದಿ ತಲಾ 2,500 ಕೊಟ್ಟರೆ ಸರಿಯಾಗಿ 22,500 ಆಗುತ್ತದೆ. ತಿಂಗಳಿಗೆ 210 ರೂಪಾಯಿಯೂ ಆಗುವುದಿಲ್ಲ. ಪರರ ಝಕಾತ್ ಹಣವನ್ನು ಕೈಯಲ್ಲಿ ಹಿಡಿಯುವ ಗೌರವವನ್ನು ಸ್ವೀಕರಿಸಿದವರು ಅದರ ಲೆಕ್ಕ ಒಪ್ಪಿಸುವ ಖರ್ಚನ್ನೂ ಹಂಚಿಕೊಳ್ಳುವುದು ಹೆಚ್ಚಿನ ಬೇಡಿಕೆಯೇನಲ್ಲ. ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಇಬ್ನುಲ್ಲುತ್ಬಿಯ್ಯ ಎಂಬವರಿಂದ ಪ್ರವಾದಿಯವರು(ಸ) ಲೆಕ್ಕ ಕೇಳಿದ ಪ್ರಸಂಗ ಹದೀಸ್‌ಗಳಲ್ಲಿದೆ. ಅಲ್ಲಿ ಉತ್ತರ ಕೊಡಬೇಕಾದವನು ಹಣ ಮುಟ್ಟಿದವನು, ಕೊಟ್ಟವನೂ ಅಲ್ಲ, ಪಡೆಯಬೇಕಾದವನೂ ಅಲ್ಲ.

ಹಾಗಾದರೆ ಕಾರ್ಯದರ್ಶಿಯೊಬ್ಬರೇ ತಮ್ಮ ಜೇಬಿನಿಂದ ಕೊಟ್ಟರೆ ಏನು ತಪ್ಪು? ಕೊಡುವುದರಲ್ಲಿ ತಪ್ಪಿಲ್ಲ, ಬರೆಯದಿರುವುದರಲ್ಲಿ ತಪ್ಪಿದೆ. ಅವರು 17,700 ರೂಪಾಯಿಯನ್ನು ನೇರವಾಗಿ ಆಡಿಟರ್ ಕೈಗಿತ್ತರೆ ಪುಸ್ತಕದಲ್ಲಿ ಎರಡು ಸಂಗತಿಗಳು ಕಾಣೆಯಾಗುತ್ತವೆ: ಅವರ ದೇಣಿಗೆ ಮತ್ತು ಟ್ರಸ್ಟ್‌ನ ಖರ್ಚು. ಸರಿಯಾದ ಕ್ರಮವೆಂದರೆ ಅವರ ಹಣ ಟ್ರಸ್ಟ್‌ನ ಬ್ಯಾಂಕ್ ಖಾತೆಗೆ ಬಂದು ರಸೀದಿಯಾಗಬೇಕು, ನಂತರ ಆ ಖಾತೆಯಿಂದ ಆಡಿಟರ್‌ಗೆ ಬಿಲ್ಲಿನ ಮೇಲೆ ಪಾವತಿಯಾಗಬೇಕು. ಹೀಗೆ ಮಾಡದೆ ಐದಾರು ವರ್ಷ ನಡೆದ ಸಂಸ್ಥೆಯಲ್ಲಿ ಆ ಕಾರ್ಯದರ್ಶಿ ಬೆಂಗಳೂರಿಗೆ ಮನೆ ಬದಲಾಯಿಸಿದರೆ ಅಥವಾ ತೀರಿಕೊಂಡರೆ, ಹೊಸ ಮುಂಗಡಪತ್ರದಲ್ಲಿ ಎಂದೂ ಇಲ್ಲದ 45,000 ರೂಪಾಯಿಯ ಖರ್ಚು ಏಕಾಏಕಿ ಎದ್ದು ನಿಲ್ಲುತ್ತದೆ. "ಇಷ್ಟು ವರ್ಷ ಇಲ್ಲದ್ದು ಈಗೇಕೆ?" ಎಂದು ಜಮಾಅತ್ ಕೇಳುತ್ತದೆ, ಹೊಸಬರ ಮೇಲೆ ಸಂಶಯ ಮೂಡುತ್ತದೆ, ಆ ವರ್ಷದ ಸಲ್ಲಿಕೆ ನಿಂತುಹೋಗುತ್ತದೆ.

ಉಚಿತವಾಗಿ ಆಡಿಟ್ ಮಾಡಿಕೊಡುವ ಬಂಧುವಿನ ವಿಷಯವೂ ಹೀಗೆಯೇ. ಟ್ರಸ್ಟಿಯಾಗಲಿ, ಟ್ರಸ್ಟಿಯ ಸಂಬಂಧಿಯಾಗಲಿ ಆ ಟ್ರಸ್ಟ್‌ನ ಆಡಿಟ್ ವರದಿಗೆ ಸಹಿ ಹಾಕುವಂತಿಲ್ಲ. ಅಧ್ಯಕ್ಷರ ತಮ್ಮ ಚಾರ್ಟರ್ಡ್ ಅಕೌಂಟೆಂಟ್ ಆಗಿದ್ದರೆ ಪುಸ್ತಕ ಬರೆಯುವ ಕ್ರಮವನ್ನು ಕಲಿಸಿಕೊಡಲಿ, ಸಹಿಯನ್ನು ಹೊರಗಿನವರೇ ಹಾಕಲಿ. ಅದೇ ರೀತಿ, ಪುಸ್ತಕ ಬರೆಯುವವರೂ ಅದನ್ನು ಪರಿಶೋಧಿಸುವವರೂ ಒಬ್ಬರೇ ಆದರೆ ಪರಿಶೋಧನೆಗೆ ಅರ್ಥವೇ ಉಳಿಯದು. ನಮ್ಮ ಉದಾಹರಣೆಯಲ್ಲಿ ಆ ಎರಡು ಸಾಲುಗಳನ್ನು ಬೇರೆಬೇರೆಯಾಗಿ ಇಟ್ಟದ್ದು ಇದಕ್ಕಾಗಿಯೇ.

ವಕ್ಫ್ ಆಸ್ತಿಗಳ ವಿಷಯದಲ್ಲಿ ಶಾಸನವೇ ಈ ಪ್ರಶ್ನೆಗೆ ಉತ್ತರ ಕೊಟ್ಟಿದೆಯೆಂಬುದನ್ನು ಗಮನಿಸಬೇಕು. 1995ರ ವಕ್ಫ್ ಕಾಯ್ದೆಯ 47ನೆಯ ಕಲಮಿನಂತೆ ಲೆಕ್ಕಪರಿಶೋಧನೆಯ ವೆಚ್ಚವನ್ನು ಆಯಾ ವಕ್ಫ್‌ನ ನಿಧಿಯಿಂದಲೇ ಭರಿಸಬೇಕು. ಮುತವಲ್ಲಿಯ ಜೇಬಿನಿಂದ ಅಲ್ಲ, ಮಂಡಳಿಯ ಬೊಕ್ಕಸದಿಂದಲೂ ಅಲ್ಲ. 2013ರ ತಿದ್ದುಪಡಿಯಲ್ಲಿ 50 ಸಾವಿರ ರೂಪಾಯಿಗಿಂತ ಹೆಚ್ಚಿನ ನಿವ್ವಳ ವಾರ್ಷಿಕ ಆದಾಯವಿರುವ ವಕ್ಫ್‌ಗಳಿಗೆ ವರ್ಷವೂ ಆಡಿಟ್ ಕಡ್ಡಾಯವಾಗಿತ್ತು. 2025ರ ತಿದ್ದುಪಡಿ ಆ ಗಡಿಯನ್ನು ಒಂದು ಲಕ್ಷಕ್ಕೆ ಏರಿಸಿತು. 2025ರ ಆ ತಿದ್ದುಪಡಿಯ ಇತರ ಕಲಮುಗಳ ಬಗ್ಗೆ ಸಮುದಾಯದ ಆಕ್ಷೇಪಗಳು ಬೇರೆಯೇ ಚರ್ಚೆ. ಆದರೆ ಆಡಿಟ್‌ನ ಖರ್ಚು ಸಂಸ್ಥೆಯದು, ವ್ಯಕ್ತಿಯದಲ್ಲ ಎಂಬ ಮೂಲತತ್ವ ಬಹಳ ಹಿಂದಿನಿಂದಲೂ ಅಲ್ಲಿದೆ. ಮಸೀದಿಯ ಅಂಗಡಿ ಬಾಡಿಗೆಗೆ ಅನ್ವಯವಾಗುವ ಈ ನ್ಯಾಯ ಟ್ರಸ್ಟ್‌ಗಳಿಗೂ ಸಲ್ಲಬೇಕು.

ತೆರಿಗೆ ಕಾನೂನೂ ಈ ಖರ್ಚನ್ನು ವ್ಯರ್ಥವೆಂದು ಬಗೆಯುವುದಿಲ್ಲ. ಟ್ರಸ್ಟ್ ತನ್ನ ಆದಾಯದ ಶೇಕಡಾ 85ರಷ್ಟನ್ನು ಉದ್ದೇಶಗಳಿಗೆ ವಿನಿಯೋಗಿಸಬೇಕೆಂಬ ನಿಯಮದಲ್ಲಿ ಇಂಥ ಆಡಳಿತ ವೆಚ್ಚವೂ ಸೇರುತ್ತದೆ. ಒಂದೇ ಎಚ್ಚರಿಕೆಯೆಂದರೆ, 2022ರ ತಿದ್ದುಪಡಿಯ ಬಳಿಕ ವಿನಿಯೋಗವೆಂದು ಪರಿಗಣಿತವಾಗುವುದು ನಿಜವಾಗಿ ಪಾವತಿಯಾದ ವರ್ಷದಲ್ಲಿ ಮಾತ್ರ. ಬಾಕಿ ಎಂದು ಬರೆದಿಟ್ಟರೆ ಸಾಲದು. ಹೀಗಾಗಿ ಆಯವ್ಯಯ ಪಟ್ಟಿಯಲ್ಲಿ "ಆಡಿಟ್ ಶುಲ್ಕ ಬಾಕಿ" ಎಂಬ ಮೊತ್ತ ಮೂರು ವರ್ಷದಿಂದ ಬೆಳೆಯುತ್ತಲೇ ಇದ್ದರೆ ಓದುಗರು ಅದನ್ನು ಅಪಾಯದ ಗುರುತೆಂದು ತಿಳಿಯಬೇಕು. ಆಡಿಟರ್ ಸಂಕೋಚದಿಂದ ಸುಮ್ಮನಿದ್ದಾರೆ, ಟ್ರಸ್ಟ್ ಅವರ ಸಾಲದ ಮೇಲೆ ನಡೆಯುತ್ತಿದೆ, ಮುಂದೊಂದು ಸೆಪ್ಟೆಂಬರ್‌ನಲ್ಲಿ ಅವರು ಕೈಚೆಲ್ಲುತ್ತಾರೆ. 45,000ವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 3,750ರಂತೆ ಬೇರೆಯಾಗಿ ತೆಗೆದಿಟ್ಟರೆ ಈ ಸ್ಥಿತಿ ಬರುವುದಿಲ್ಲ.

ಹಣದ ಒಡೆತನದ ನಂತರ ಹೊಣೆಯ ಒಡೆತನಕ್ಕೆ ಬರೋಣ. "ಎಲ್ಲ ಆಡಿಟರ್ ನೋಡಿಕೊಳ್ಳುತ್ತಾರೆ" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಅದು ಎಷ್ಟರ ಮಟ್ಟಿಗೆಂದರೆ, ಆದಾಯ ತೆರಿಗೆ ಜಾಲತಾಣದಲ್ಲಿರುವ ಟ್ರಸ್ಟ್‌ನ ಖಾತೆಗೆ ಆಡಿಟರ್ ಕಚೇರಿಯ ಸಹಾಯಕನ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ಜೋಡಣೆಯಾಗಿರುವುದುಂಟು. ಆ ಹುಡುಗ ಕೆಲಸ ಬಿಟ್ಟ ದಿನ ಟ್ರಸ್ಟ್ ಕುರುಡಾಗುತ್ತದೆ. ಇಲಾಖೆಯ ಸೂಚನೆ ಯಾರೂ ತೆರೆಯದ ಪೆಟ್ಟಿಗೆಗೆ ಬಂದು ಬೀಳುತ್ತದೆ, ಉತ್ತರದ ಗಡುವು ಮುಗಿಯುತ್ತದೆ, ತೆರಿಗೆ ಬೇಡಿಕೆ ಸ್ಥಿರವಾಗುತ್ತದೆ. ಶುಲ್ಕ ಕೊಟ್ಟ ಮಾತ್ರಕ್ಕೆ ಹೊಣೆ ವರ್ಗಾವಣೆಯಾಗುವುದಿಲ್ಲ. ಖಾತೆಯ ಕೀಲಿ, ಮೊಬೈಲ್, ಇಮೇಲ್ ಟ್ರಸ್ಟ್‌ನದೇ ಆಗಿರಬೇಕು. ಒಬ್ಬ ಟ್ರಸ್ಟಿಯನ್ನು, ಸಾಧ್ಯವಾದರೆ ಖಜಾಂಚಿಯಲ್ಲದ ಬೇರೊಬ್ಬರನ್ನು, ಹೆಸರು ಹೇಳಿ ಈ ಕೆಲಸಕ್ಕೆ ನಿಯೋಜಿಸಬೇಕು. ಏಪ್ರಿಲ್‌ನಲ್ಲಿ ಬ್ಯಾಂಕ್ ಪಾಸ್‌ಬುಕ್ಕಿಗೂ ರಸೀದಿ ಪುಸ್ತಕಕ್ಕೂ ತಾಳೆ ನೋಡುವುದು, ಜೂನ್ ಒಳಗೆ ಪುಸ್ತಕಗಳನ್ನು ಆಡಿಟರ್‌ಗೆ ತಲಪಿಸುವುದು, ಗಡುವಿಗೆ ಮೊದಲೇ ಸಲ್ಲಿಕೆಯ ಸ್ವೀಕೃತಿ ಪತ್ರವನ್ನು ಸಭೆಯ ಮುಂದಿಡುವುದು ಅವರ ಕರ್ತವ್ಯ. ಹಣ ಇಡೀ ಮಂಡಳಿಯದು, ಪಂಚಾಂಗ ಒಬ್ಬರದು.

ಸರಕಾರಕ್ಕೂ ಇಲ್ಲಿ ಒಂದು ಮಾತಿದೆ. ಆಡಿಟ್, ಸಲ್ಲಿಕೆ, ನವೀಕರಣಗಳ 24,600 ರೂಪಾಯಿ ಟ್ರಸ್ಟ್ ಸಣ್ಣದಾಯಿತೆಂದು ಅಷ್ಟಾಗಿ ಇಳಿಯುವುದಿಲ್ಲ. ಮೂವತ್ತು ಲಕ್ಷದ ಸಂಸ್ಥೆಗೆ ಅದು ನೂರಕ್ಕೆ ಒಂದು ರೂಪಾಯಿಯೂ ಆಗದು. ಮೂರು ಲಕ್ಷದ ಸಂಸ್ಥೆಗೆ ಅದೇ ಎಂಟು ರೂಪಾಯಿ ದಾಟುತ್ತದೆ. ನೋಂದಣಿಯ ಅವಧಿಯನ್ನು ಹೆಚ್ಚಿಸಿದ ಸರಕಾರ, ಸಣ್ಣ ಟ್ರಸ್ಟ್‌ಗಳಿಗೆ ಸರಳವಾದ ವರದಿಯ ಕ್ರಮವನ್ನೂ ಕಲ್ಪಿಸಬೇಕು. ಆದರೆ ಅದಕ್ಕಾಗಿ ಕಾಯದೆ ನಾವೇ ಮಾಡಬಹುದಾದದ್ದೂ ಇದೆ. ಮೊಹಲ್ಲಾಕ್ಕೊಂದು ಟ್ರಸ್ಟ್ ಕಟ್ಟುವ ಉತ್ಸಾಹಕ್ಕೆ ಕಡಿವಾಣ ಬೀಳಲಿ. ಈಗಿರುವವು ಒಂದಾಗಲು ಒಪ್ಪದಿದ್ದರೂ, ಚಿನ್ನದ ಗಣಿಯ ಎರಡು ಮತ್ತು ಬಂಗಾರಪೇಟೆಯ ಒಂದು ಟ್ರಸ್ಟ್ ಸೇರಿ ಲೆಕ್ಕ ಬರೆಯುವ ಒಬ್ಬರನ್ನೇ ನೇಮಿಸಿಕೊಂಡು ವಾರದ ದಿನಗಳನ್ನು ಹಂಚಿಕೊಳ್ಳಬಹುದು.

ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಅನುಮೋದನೆಯ ಆಸೆಯನ್ನೂ ತೂಗಿ ನೋಡಬೇಕು. ಒಂದೇ ಧಾರ್ಮಿಕ ಸಮುದಾಯಕ್ಕೆ ಸೀಮಿತವಾದ ಟ್ರಸ್ಟ್‌ಗೆ ಅದು ದೊರೆಯುವುದಿಲ್ಲ. ದೊರೆತರೆ ಪ್ರತಿವರ್ಷ ಮೇ 31ರೊಳಗೆ ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಹೊಸ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೆ ಆ ರಿಯಾಯಿತಿ ಸಿಗುವುದೂ ಇಲ್ಲ. ನಮ್ಮ ದಾನಿಗಳಲ್ಲಿ ಎಷ್ಟು ಮಂದಿಗೆ ಅದರಿಂದ ಪ್ರಯೋಜನವೆಂದು ಎಣಿಸಿದ ಮೇಲೆಯೇ ಆ ಹೊಸ ಖರ್ಚಿನ ಸಾಲನ್ನು ಸೇರಿಸುವುದು ಲೇಸು.

ಮುಂದಿನ ಸಭೆಯಲ್ಲಿ ಟ್ರಸ್ಟಿಗಳು ನಡಾವಳಿ ಪುಸ್ತಕದಲ್ಲಿ ಬರೆಯಬೇಕಾದದ್ದು ನಾಲ್ಕು ಸಾಲು ಮಾತ್ರ: ಈ ವರ್ಷದ ಲೆಕ್ಕದ ಖರ್ಚು ಇಷ್ಟು, ಅದರಲ್ಲಿ ಯಾವ ನಿಧಿಯ ಪಾಲು ಎಷ್ಟು, ಝಕಾತ್‌ನ ಪಾಲನ್ನು ಭರಿಸುವವರು ಇವರು, ದಿನಾಂಕಗಳಿಗೆ ಹೊಣೆಗಾರರು ಇವರು. ಮಸೀದಿಯ ಫಲಕದ ಮುಂದೆ ನಿಂತು ಪಟ್ಟಿ ಓದುವ ಸಾಮಾನ್ಯ ದಾನಿಗೆ ಆ ನಾಲ್ಕು ಸಾಲುಗಳನ್ನು ಕೇಳುವ ಹಕ್ಕಿದೆ. ಪಟ್ಟಿಯಲ್ಲಿ ಅವು ಕಾಣದಿದ್ದರೆ ಆತ ಕೇಳಲೇಬೇಕು.